ಅಂಗಿಗಿಂತ ಮೊದಲು ಸಂದೇಶದ ರಿಪೇರಿ

ಅಕ್ಕನ ಮಗ ತನ್ನ ಹೊಸ ಅಂಗಿಯ ಬಗ್ಗೆ ದರ್ಜಿಗೆ ಕಳುಹಿಸಲೆಂದು ಬರೆದು, ಕಳುಹಿಸುವ ಮೊದಲು ನನಗೆ ತೋರಿಸಿದ ಸಂದೇಶ ಇದು:

> ನಮಸ್ಕಾರ. ನೀವು ಹೊಲಿದುಕೊಟ್ಟ ಅಂಗಿ ಸ್ವಲ್ಪವೂ ಸರಿಯಾಗಿಲ್ಲ. ತೋಳು ಒಂದು ಇಂಚು ಉದ್ದವಾಗಿದೆ. ಹೊಟ್ಟೆಯ ಹತ್ತಿರ ಚೀಲದ ಹಾಗೆ ಜೋತುಬಿದ್ದಿದೆ. ಎಡಗೈಯ ಹಿಂದೆ ಏನೋ ಮುದುಡಿಕೊಂಡಿದೆ. ಜೇಬು ಬೇಡ ಎಂದು ಹೇಳಿದ್ದೆ, ಆದರೂ ಹಾಕಿದ್ದೀರಿ. ಎಷ್ಟು ಸಲ ಹೇಳಬೇಕು? ಶನಿವಾರದೊಳಗೆ ಎಲ್ಲವನ್ನೂ ಸರಿಮಾಡಿ ಕೊಡಿ.

ಬಹಳ ವರ್ಷ ಕತ್ತರಿ ಹಿಡಿದು ಇಂಥ ದೂರುಗಳನ್ನು ಮೇಜಿನ ಆಚೆ ಬದಿಯಿಂದ ಕೇಳಿದವಳು ನಾನು. ಆದ್ದರಿಂದ ಸಂದೇಶದ ಸಿಟ್ಟು ನನಗೆ ದೊಡ್ಡದಾಗಿ ಕಾಣಲಿಲ್ಲ. ಸಿಟ್ಟಿನ ಸಂದೇಶ ದರ್ಜಿಗೆ ಹೊಸದೇನೂ ಅಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಇಡೀ ಸಂದೇಶದಲ್ಲಿ ಅಳತೆ ಇರುವುದು ಒಂದೇ ಕಡೆ ಎಂಬುದು: ತೋಳು, ಒಂದು ಇಂಚು. ಕೆಲಸದ ರಾಶಿಯ ನಡುವೆ ಕೂತವರು ಇದನ್ನು ಓದಿದರೆ ಕೈಗೆ ಸಿಗುವ ಕೆಲಸ ಅದೊಂದೇ. ತೋಳಿನ ತುದಿಯ ಕಫ್ ಬಿಚ್ಚುತ್ತಾರೆ, ಒಂದು ಇಂಚು ಬಟ್ಟೆ ಕತ್ತರಿಸುತ್ತಾರೆ, ಕಫ್ ಮತ್ತೆ ಕೂಡಿಸುತ್ತಾರೆ. ಕತ್ತರಿಸಿದ ಒಂದು ಇಂಚು ಮತ್ತೆ ಬರುವುದಿಲ್ಲ. ಹಾಗಾಗಿ ಆ ಒಂದು ಇಂಚು ನಿಜವೇ ಎಂದು ನೋಡದೆ ಸಂದೇಶದ ಒಂದು ಪದವನ್ನೂ ತಿದ್ದುವುದು ಬೇಡವೆಂದು ಅಂಗಿ ಹಾಕಿಕೊಂಡು ನಿಲ್ಲಲು ಹೇಳಿದೆ.

ಕೈ ಇಳಿಬಿಟ್ಟು ನಿಂತಾಗ ಕಫ್ ನಿಜವಾಗಿಯೂ ಅಂಗೈಯ ಮೇಲೆ ಬರುತ್ತಿತ್ತು. ಆದರೆ ತೋಳು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಅವನು ನೋಡಿಕೊಂಡಿರಲಿಲ್ಲ. ಅಂಗಿಯ ಭುಜದ ಹೊಲಿಗೆ ಭುಜದ ಮೂಳೆಯ ತುದಿಯಲ್ಲಿ ಇರಬೇಕು. ಆ ತುದಿಯನ್ನು ಹುಡುಕುವುದು ಸುಲಭ: ಕೈಯನ್ನು ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತಿದರೆ ಮೂಳೆ ಮುಗಿಯುವಲ್ಲಿ ಬೆರಳು ಕೂರುವಷ್ಟು ಒಂದು ತಗ್ಗು ಬೀಳುತ್ತದೆ. ಅಲ್ಲಿ ಬೆರಳಿಟ್ಟುಕೊಂಡೇ ಕೈ ಇಳಿಸಲು ಹೇಳಿದೆ. ಹೊಲಿಗೆ ನನ್ನ ಬೆರಳಿನಿಂದ ಕೆಳಗೆ, ತೋಳಿನ ಮಾಂಸದ ಮೇಲೆ ಇತ್ತು. ಎರಡೂ ಕಡೆ ಅಷ್ಟೇ. ಅಂದರೆ ಭುಜ ಅಗಲವಾಗಿತ್ತು. ಭುಜ ಅಗಲವಾದರೆ ತೋಳು ಇಡಿಯಾಗಿ ಕೆಳಗೆ ಜಾರುತ್ತದೆ, ಅದರ ತುದಿ ಅಂಗೈಗೆ ಬರುತ್ತದೆ. ಹಾಕಿಕೊಂಡವರಿಗೆ ಕಾಣುವುದು ತುದಿ ಮಾತ್ರ.

ಇದನ್ನು ಖಚಿತ ಮಾಡಿಕೊಳ್ಳಲು ಎರಡು ಸೇಫ್ಟಿ ಪಿನ್ ಸಾಕು. ಭುಜದ ಹೊಲಿಗೆಯ ಒಳಬದಿಯಲ್ಲಿ ಹೆಚ್ಚಿರುವ ಬಟ್ಟೆಯನ್ನು ಚಿವುಟಿ ಹಿಡಿದು, ಹೊಲಿಗೆ ಮೂಳೆಯ ತುದಿಗೆ ಬರುವಂತೆ ಪಿನ್ ಚುಚ್ಚಿದೆ. ಕಫ್ ತಾನಾಗಿಯೇ ಮೇಲೆ ಹೋಗಿ ಮಣಿಕಟ್ಟಿನ ಹತ್ತಿರ ನಿಂತಿತು. ತೋಳಿಗೆ ಯಾರೂ ಕೈ ಹಚ್ಚಿರಲಿಲ್ಲ. ಪಿನ್ ಹಾಕಿದ ಮೇಲೂ ಕಫ್ ಅಂಗೈಯ ಮೇಲೆಯೇ ಉಳಿದಿದ್ದರೆ ತೋಳು ನಿಜವಾಗಿಯೂ ಉದ್ದ ಎಂದು ಒಪ್ಪಿಕೊಳ್ಳುತ್ತಿದ್ದೆ.

"ಹಾಗಾದರೆ ಭುಜವೂ ತಪ್ಪು, ತೋಳೂ ತಪ್ಪು ಎಂದು ಬರೆಯುತ್ತೇನೆ ಚಿಕ್ಕಮ್ಮ" ಎಂದ. ಅವನು ಕೂತು ಬರೆದ ಎರಡನೆಯ ಕರಡು ಹೀಗಿತ್ತು:

> ನಮಸ್ಕಾರ ಮಾಸ್ಟರ್. ಅಂಗಿಯಲ್ಲಿ ಕೆಲವು ತಿದ್ದುಪಡಿ ಬೇಕು. ಭುಜ ¾ ಇಂಚು ಕಡಿಮೆ ಮಾಡಿ. ತೋಳು 1 ಇಂಚು ಕಡಿಮೆ ಮಾಡಿ. ಸೊಂಟ 1 ಇಂಚು ಕಡಿಮೆ ಮಾಡಿ. ಎಡತೋಳಿನ ಮುದುಡು ತೆಗೆಯಿರಿ. ಜೇಬು ಬೇಡವಾಗಿತ್ತು. ಧನ್ಯವಾದ.

ಮಾತು ಮೃದುವಾಯಿತು, ಅಂಕಿಗಳೂ ಬಂದವು. ಆದರೂ ಇದು ಮೊದಲನೆಯದಕ್ಕಿಂತ ಹೆಚ್ಚು ಅಪಾಯದ ಸಂದೇಶ ಎಂದು ನನಗೆ ಅನ್ನಿಸಿತು. ಮೊದಲನೆಯದನ್ನು ಓದಿದ ದರ್ಜಿ ಗೊಂದಲಕ್ಕೆ ಬಿದ್ದು ಒಮ್ಮೆ ಫೋನ್ ಮಾಡಿಯಾದರೂ ಕೇಳುತ್ತಾರೆ. ಇದು ಎಲ್ಲವೂ ಸ್ಪಷ್ಟವಾಗಿರುವಂತೆ ಕಾಣುವುದರಿಂದ ಕೇಳುವ ಗೋಜಿಗೇ ಹೋಗದೆ ಕತ್ತರಿ ಹಾಕಿಬಿಡಬಹುದು.

ಸೊಂಟದ ಸಾಲನ್ನೇ ನೋಡಿ. ಅಂಗಿಯನ್ನು ಗುಂಡಿ ಹಾಕಿ ಮೇಜಿನ ಮೇಲೆ ಹರಡಿ, ಒಂದು ಬದಿಯಿಂದ ಇನ್ನೊಂದು ಬದಿಗೆ ಟೇಪು ಹಿಡಿದರೆ ಸೊಂಟದಲ್ಲಿ 22 ಇಂಚು ಬರುತ್ತಿತ್ತು. ಮುಂಭಾಗ, ಹಿಂಭಾಗ ಎರಡೂ ಸೇರಿದರೆ ಸುತ್ತಳತೆ 44. ಅವನಿಗೆ ಬೇಕಾಗಿದ್ದದ್ದು ಹರಡಿದಾಗ 21, ಸುತ್ತಳತೆಯಲ್ಲಿ 42. ಅವನ ಲೆಕ್ಕದ "1 ಇಂಚು" ಎಂದರೆ ಹರಡಿದಾಗಿನ ಒಂದು ಇಂಚು. ದರ್ಜಿಯ ಅಳತೆ ಪುಸ್ತಕದಲ್ಲಿ ಸೊಂಟ ಎಂದರೆ ಸುತ್ತಳತೆ; ಅವರು ಸುತ್ತಳತೆಯಲ್ಲಿ ಒಂದು ಇಂಚು ತೆಗೆದರೆ 43 ಆಗುತ್ತದೆ, ಅಂಗಿ ಸಡಿಲವಾಗಿಯೇ ಉಳಿಯುತ್ತದೆ. ಕೂತು ಹೊಲಿಯುವವರು ಅದೇ ಮಾತನ್ನು "ಪಕ್ಕದ ಹೊಲಿಗೆಯನ್ನು ಒಂದು ಇಂಚು ಒಳಗೆ ತನ್ನಿ" ಎಂದು ಓದಿದರೆ ಇನ್ನೊಂದು ಕಥೆ. ಪಕ್ಕದ ಹೊಲಿಗೆಯಲ್ಲಿ ಮುಂದಿನ ಬಟ್ಟೆ, ಹಿಂದಿನ ಬಟ್ಟೆ ಎರಡೂ ಸೇರಿರುವುದರಿಂದ ಗೆರೆ ಒಂದು ಇಂಚು ಒಳಗೆ ಬಂದರೆ ಆ ಬದಿಯೊಂದರಲ್ಲೇ ಎರಡು ಇಂಚು ಹೋಗುತ್ತದೆ. ಎರಡು ಬದಿಗೆ ನಾಲ್ಕು. ಸುತ್ತಳತೆ 40ಕ್ಕೆ ಇಳಿದು, ಕೂತರೆ ಗುಂಡಿಗಳ ನಡುವೆ ಬಟ್ಟೆ ಬಾಯಿ ಬಿಡುತ್ತದೆ. ಒಂದೇ ವಾಕ್ಯದಿಂದ 43, 42, 40 ಮೂರೂ ಹುಟ್ಟುತ್ತವೆ, ಮೂರನ್ನೂ ಮಾಡಿದವರು ಹೇಳಿದ್ದನ್ನೇ ಮಾಡಿದ್ದೇವೆ ಎನ್ನಬಹುದು.

ಆದ್ದರಿಂದ ನಾನು "ಕಡಿಮೆ ಮಾಡಿ" ಎಂಬುದನ್ನು ಎಲ್ಲ ಕಡೆಯಿಂದಲೂ ತೆಗೆಸಿದೆ. ಅದರ ಬದಲು ಈಗ ಎಷ್ಟಿದೆ, ಎಷ್ಟು ಆಗಬೇಕು, ಎಲ್ಲಿಂದ ಎಲ್ಲಿಗೆ ಅಳೆದದ್ದು ಎಂದು ಬರೆಯಬೇಕು. "ಹರಡಿದಾಗ ಈಗ 22, ಆಗಬೇಕಾದದ್ದು 21" ಎಂದರೆ ಹೊಲಿಗೆಯನ್ನು ಎಷ್ಟು ಒಳಗೆ ತರಬೇಕು ಎಂಬ ಲೆಕ್ಕ ದರ್ಜಿಯದು. ಇಲ್ಲಿ ಅದು ಪ್ರತಿ ಬದಿಗೆ ಅರ್ಧ ಇಂಚು, ಆದರೆ ಅದನ್ನು ನಾವು ಹೇಳುವ ಅಗತ್ಯವಿಲ್ಲ. ಇನ್ನೊಂದು ಲಾಭವೂ ಇದೆ. ದರ್ಜಿ ತಮ್ಮ ಟೇಪಿನಲ್ಲಿ ಅಳೆದು 22 ಬಾರದಿದ್ದರೆ ಎರಡೂ ಕಡೆಯವರು ಬೇರೆ ಬೇರೆ ಜಾಗದಲ್ಲಿ ಅಳೆಯುತ್ತಿದ್ದಾರೆ ಎಂಬುದು ಕತ್ತರಿಗೆ ಮೊದಲೇ ಗೊತ್ತಾಗುತ್ತದೆ. ಬರೀ "1 ಇಂಚು ಕಡಿಮೆ" ಎಂಬ ಮಾತಿನಲ್ಲಿ ಈ ಪರೀಕ್ಷೆ ಇಲ್ಲ.

ಜಾಗದ ವಿಷಯಕ್ಕೆ ಬಂದರೆ, "ಸೊಂಟ" ಎಂಬುದೂ ಸಾಲದು. ನಾವು ಪ್ಯಾಂಟು ಕಟ್ಟುವ ಜಾಗವನ್ನು ಸೊಂಟ ಎನ್ನುತ್ತೇವೆ. ಅಂಗಿ ಹೊಲಿಯುವವರ ಸೊಂಟ ಅದಕ್ಕಿಂತ ಮೇಲೆ, ನಡು ಸಣ್ಣದಾಗುವಲ್ಲಿ. ಅಂಗಿಯ ಮೇಲೆಯೇ ಗುರುತು ಹಿಡಿಯುವುದು ಒಳ್ಳೆಯದು. ಕಂಕುಳಲ್ಲಿ ತೋಳು, ಪಕ್ಕ ಎರಡೂ ಕೂಡುವ ಬಿಂದುವಿನಿಂದ ಕೆಳಗೆ ಅಳೆದೆವು, 8 ಇಂಚು ಬಂತು. ಅದು ಮೇಲಿನಿಂದ ಐದನೆಯ ಗುಂಡಿಯ ನೇರಕ್ಕೆ ಇತ್ತು. ಎರಡು ಗುರುತು ಇದ್ದರೆ ಒಂದು ತಪ್ಪಿದರೂ ಇನ್ನೊಂದು ಹಿಡಿಯುತ್ತದೆ. ಪಿನ್ ಹಾಕಿಸಿ ಅವನನ್ನು ಒಮ್ಮೆ ಕುರ್ಚಿಯಲ್ಲಿ ಕೂರಿಸಿಯೂ ನೋಡಿದೆ. ನಿಂತಾಗ ಚೆಂದ ಕಾಣುವ ಬಿಗಿ ಕೂತಾಗ ಉಸಿರು ಹಿಡಿಸುತ್ತದೆ. 21 ಸಾಕು, 20½ ಬೇಡ ಎಂದು ತೀರ್ಮಾನವಾದದ್ದು ಹಾಗೆ.

ಇನ್ನು ಭುಜ ಮತ್ತು ತೋಳು. ಎರಡನೆಯ ಕರಡಿನ ದೊಡ್ಡ ಹೊಂಡ ಇಲ್ಲೇ ಇತ್ತು.

ಅವನ ಹತ್ತಿರ ಮೈಗೆ ಸರಿಯಾಗಿ ಕೂರುವ ಹಳೆಯ ಅಂಗಿಯೊಂದಿತ್ತು. ಮೈಯನ್ನು ಅಳೆಯುವುದಕ್ಕಿಂತ ಹಾಗೆ ಕೂರುವ ಅಂಗಿಯನ್ನು ಅಳೆಯುವುದು ನನಗೆ ಯಾವಾಗಲೂ ಹೆಚ್ಚು ನಂಬಿಕೆಯದು, ಏಕೆಂದರೆ ಮೈಯ ಅಳತೆಗೆ ಎಷ್ಟು ಸಡಿಲ ಸೇರಿಸಬೇಕು ಎಂಬ ಊಹೆ ಅಲ್ಲಿ ಇರುವುದಿಲ್ಲ. ಎರಡೂ ಅಂಗಿಗಳನ್ನು ಒಂದರ ಪಕ್ಕ ಒಂದು ಹರಡಿ, ಬಟ್ಟೆಯನ್ನು ಎಳೆಯದೆ ಅಳೆದೆವು. ಬೆನ್ನಿನ ಮೇಲ್ಭಾಗದಲ್ಲಿ ಒಂದು ತೋಳಿನ ಹೊಲಿಗೆಯಿಂದ ಇನ್ನೊಂದಕ್ಕೆ ಹೊಸ ಅಂಗಿ 18½, ಹಳೆಯದು 17. ತೋಳು, ಭುಜದ ಹೊಲಿಗೆಯಿಂದ ಕಫ್‌ನ ಅಂಚಿನವರೆಗೆ, ಹೊಸದು 25, ಹಳೆಯದು 24¾.

ಈಗ ಈ ಎರಡನ್ನೂ ಕೂಡಿಸಿ ನೋಡಬೇಕು. ಕಾಲರ್ ಕೆಳಗೆ ಬೆನ್ನಿನ ನಡುವಿನಿಂದ ಭುಜದ ಮೇಲೆ ಹಾದು ಕಫ್‌ನ ಅಂಚಿನವರೆಗಿನ ದೂರ ಎಂದರೆ ಅರ್ಧ ಭುಜ ಮತ್ತು ತೋಳು. ಹೊಸ ಅಂಗಿಯಲ್ಲಿ 9¼ ಮತ್ತು 25, ಒಟ್ಟು 34¼. ಹಳೆಯದರಲ್ಲಿ 8½ ಮತ್ತು 24¾, ಒಟ್ಟು 33¼. ವ್ಯತ್ಯಾಸ ಸರಿಯಾಗಿ ಒಂದು ಇಂಚು. "ತೋಳು ಒಂದು ಇಂಚು ಉದ್ದ" ಎಂದು ಅವನು ಬರೆದದ್ದು ಕಣ್ಣಿಗೆ ಕಂಡ ಮಟ್ಟಿಗೆ ಸುಳ್ಳಲ್ಲ. ಆದರೆ ಆ ಒಂದು ಇಂಚಿನಲ್ಲಿ ಮುಕ್ಕಾಲು ಭಾಗ ಭುಜದ್ದು, ತೋಳಿನದು ಕಾಲು ಇಂಚು ಮಾತ್ರ.

ಎರಡನೆಯ ಕರಡನ್ನು ಅಕ್ಷರಶಃ ಪಾಲಿಸಿದರೆ ಏನಾಗುತ್ತಿತ್ತು? ಪ್ರತಿ ಭುಜದಿಂದ ಮುಕ್ಕಾಲು ಇಂಚು ಹೋಗಿ 8½ ಆಗುತ್ತಿತ್ತು. ತೋಳಿನಿಂದ ಒಂದು ಇಂಚು ಹೋಗಿ 24. ಒಟ್ಟು 32½. ಬೇಕಾದದ್ದು 33¼. ಭುಜ ಚೆನ್ನಾಗಿ ಕೂತು ಕಫ್ ಮಣಿಕಟ್ಟಿಗಿಂತ ಮುಕ್ಕಾಲು ಇಂಚು ಮೇಲೆ ನಿಲ್ಲುತ್ತಿತ್ತು, ಕೈ ಚಾಚಿದರೆ ಇನ್ನೂ ಮೇಲೆ. ತುಂಬು ತೋಳಿನ ಅಂಗಿಗೆ ಇದಕ್ಕಿಂತ ಕೆಟ್ಟ ಗತಿ ಇಲ್ಲ, ಏಕೆಂದರೆ ಉದ್ದ ಮಾಡಲು ಒಳಗೆ ಬಟ್ಟೆ ಇರುವುದಿಲ್ಲ. ಕಫ್ ಕೂಡಿಸಿದ ಕಡೆ ಹೊಲಿಗೆಗೆ ಬೇಕಾದಷ್ಟು ಮಾತ್ರ ಇರುತ್ತದೆ. ಅದರ ಮೇಲೆ, ಅವನು "ಭುಜ ¾ ಇಂಚು" ಎಂದದ್ದು ಒಂದು ಬದಿಗೆ. ಅದನ್ನು ಒಟ್ಟು ಭುಜಕ್ಕೆ ಎಂದು ಓದಿದವರು 17¾ ಮಾಡಿ ನಿಲ್ಲಿಸುತ್ತಿದ್ದರು.

ಸಂದೇಶದಲ್ಲಿ ಇದಕ್ಕೆ ಪರಿಹಾರ ತೋಳಿನ ಸಾಲನ್ನು ಅಳಿಸಿ ಹಾಕುವುದಲ್ಲ. ತೋಳಿನ ಬಗ್ಗೆ ಏನೂ ಹೇಳದಿದ್ದರೆ, ಭುಜ ತಿದ್ದಿದ ಮೇಲೆ ಅಂಗಿಯ ತುದಿ ಎಲ್ಲಿ ನಿಲ್ಲಬೇಕು ಎಂಬುದು ದರ್ಜಿಗೆ ಗೊತ್ತಾಗುವುದಿಲ್ಲ. ಹೀಗಾಗಿ ತೋಳಿನ ಅಳತೆಯ ಜಾಗದಲ್ಲಿ ಬೆನ್ನಿನ ನಡುವಿನಿಂದ ಕಫ್‌ವರೆಗಿನ ಒಟ್ಟು ಅಳತೆಯನ್ನು ಹಾಕಿದೆವು. ಭುಜದಲ್ಲಿ ಎಷ್ಟು ಹೋದರೂ ತುದಿ ಎಲ್ಲಿ ಬರಬೇಕು ಎಂಬುದನ್ನು ಆ ಒಂದು ಅಂಕಿ ಹೇಳುತ್ತದೆ.

ಎಡತೋಳಿನ ಮುದುಡನ್ನು ಒಳಗಿನಿಂದ ತಿರುಗಿಸಿ ನೋಡಿದೆ. ಮುದುಡುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ನೂಲು ಬಿಗಿಯಾಗಿದ್ದರೆ ಹೊಲಿಗೆಯ ಉದ್ದಕ್ಕೂ ಬಟ್ಟೆ ಸಣ್ಣ ಅಲೆಯಾಗಿ ಸುಕ್ಕುತ್ತದೆ, ಎಳೆದು ಬಿಟ್ಟರೆ ಮತ್ತೆ ಸುಕ್ಕುತ್ತದೆ. ಇಲ್ಲಿ ಹಾಗಿರಲಿಲ್ಲ. ಭುಜದ ಹಿಂದೆ ಎರಡು ಇಂಚಿನಷ್ಟು ಜಾಗದಲ್ಲಿ ಮಾತ್ರ ಬಟ್ಟೆ ಚಿಕ್ಕ ಮಡಿಕೆಗಳಾಗಿ ಹೊಲಿಗೆಯೊಳಗೆ ಸಿಕ್ಕಿಕೊಂಡಿತ್ತು. ತೋಳಿನ ತಲೆಯನ್ನು, ಅಂದರೆ ಭುಜಕ್ಕೆ ಸೇರುವ ಮೇಲಿನ ಅಂಚನ್ನು, ಅದು ಕೂರುವ ಕುಳಿಗಿಂತ ತುಸು ಹೆಚ್ಚು ಉದ್ದವಾಗಿ ಕತ್ತರಿಸುತ್ತಾರೆ. ಆ ಹೆಚ್ಚನ್ನು ಸುತ್ತಲೂ ಸಮವಾಗಿ ಹಂಚಿ ಹೊಲಿಯಬೇಕು. ಇಲ್ಲಿ ಅದು ಒಂದೇ ಕಡೆ ಸೇರಿಬಿಟ್ಟಿದೆ. ಹೇಗೂ ಭುಜ ತಿದ್ದಲು ಎರಡೂ ತೋಳುಗಳನ್ನು ಬಿಚ್ಚಲೇಬೇಕು, ಮತ್ತೆ ಕೂರಿಸುವಾಗ ಇದೂ ಸರಿಹೋಗುತ್ತದೆ. ಅದಕ್ಕಾಗಿ ಇದನ್ನು ಬೇರೆ ಕೆಲಸವಾಗಿ ಬರೆಯದೆ ಭುಜದ ಸಾಲಿಗೇ ಸೇರಿಸಿದೆವು. ಬೇರೆಯಾಗಿ ಬರೆದರೆ ಸಹಾಯಕ ಹುಡುಗ ಆ ಎರಡು ಇಂಚನ್ನು ಮೊದಲು ಬಿಚ್ಚಿ ಹೊಲಿದು, ಆಮೇಲೆ ಮಾಸ್ಟರ್ ಅದನ್ನೇ ಮತ್ತೆ ಬಿಚ್ಚುವುದು ಅಂಗಡಿಗಳಲ್ಲಿ ನಡೆಯದ ಸಂಗತಿಯೇನಲ್ಲ.

ಇದೇ ಕಾರಣಕ್ಕೆ ಸಾಲುಗಳ ಕ್ರಮವನ್ನೂ ಬದಲಿಸಿದೆ. ಈ ಅಂಗಿಯಲ್ಲಿ ಕಂಕುಳಿನಿಂದ ಕಫ್‌ವರೆಗಿನ ಹೊಲಿಗೆ ಮತ್ತು ಕಂಕುಳಿನಿಂದ ಕೆಳ ಅಂಚಿನವರೆಗಿನ ಪಕ್ಕದ ಹೊಲಿಗೆ ಒಂದೇ ಓಟದಲ್ಲಿ ಬಂದಿವೆ. ತೋಳು ಬಿಚ್ಚುವಾಗ ಕಂಕುಳ ಹತ್ತಿರ ಆ ಹೊಲಿಗೆಯನ್ನೂ ಸ್ವಲ್ಪ ಬಿಚ್ಚಬೇಕಾಗುತ್ತದೆ. ಭುಜ ಮೊದಲು, ಸೊಂಟ ಆಮೇಲೆ ಎಂದಾದರೆ ಎರಡನ್ನೂ ಒಂದೇ ಸಲಕ್ಕೆ ಮುಚ್ಚಬಹುದು.

ಜೇಬಿನ ವಿಷಯ ಬೇರೆ ಜಾತಿಯದು. ಭುಜ, ಸೊಂಟ ಮೈಗೆ ಹೊಂದದಿರುವುದು. ಜೇಬು ಕೇಳಿದ್ದಕ್ಕಿಂತ ಬೇರೆಯಾಗಿ ಬಂದದ್ದು. ರಸೀದಿಯ ಮೇಲೆ ದರ್ಜಿಯ ಕೈಬರಹದಲ್ಲೇ "ಜೇಬು ಬೇಡ" ಎಂದು ಇತ್ತು. ಅದರ ಫೋಟೋ ಹಾಕಿದರೆ ಸಾಕು, "ಎಷ್ಟು ಸಲ ಹೇಳಬೇಕು" ಎಂಬ ಪ್ರಶ್ನೆಯ ಕೆಲಸವನ್ನು ಅದೇ ಮಾಡುತ್ತದೆ. ಭುಜದ ಅಳತೆ ರಸೀದಿಯಲ್ಲಿ ಇರಲಿಲ್ಲ. ಅಳೆಯುವಾಗ ತಪ್ಪಿತೋ ಕತ್ತರಿಸುವಾಗ ತಪ್ಪಿತೋ ನಮಗೆ ಗೊತ್ತಾಗುವಂತಿರಲಿಲ್ಲ. ಹಾಗಾಗಿ ಅಲ್ಲಿ ಯಾರ ತಪ್ಪು ಎಂಬ ಮಾತನ್ನೇ ಎತ್ತಲಿಲ್ಲ.

ಆದರೆ "ಜೇಬು ತೆಗೆಯಿರಿ" ಎಂದು ಬರೆಯುವ ಮೊದಲು ತೆಗೆದರೆ ಏನು ಉಳಿಯುತ್ತದೆ ಎಂದು ಯೋಚಿಸಬೇಕು. ಹೊಲಿಗೆ ಬಿಚ್ಚಿದ ಜಾಗದಲ್ಲಿ ಸೂಜಿಯ ತೂತುಗಳ ಸಾಲು ಕಾಣುತ್ತದೆ. ಹತ್ತಿ ಬಟ್ಟೆಯಲ್ಲಿ ನೀರು ಚಿಮುಕಿಸಿ, ಉಗುರಿನಿಂದ ಎಳೆಗಳನ್ನು ಸರಿಸಿ ಇಸ್ತ್ರಿ ಮಾಡಿದರೆ ಬಹುಪಾಲು ಮುಚ್ಚಿಕೊಳ್ಳುತ್ತವೆ. ನುಣುಪಾದ ರೇಷ್ಮೆ, ಸ್ಯಾಟಿನ್‌ನಂಥ ಬಟ್ಟೆಯಲ್ಲಿ ಮುಚ್ಚಿಕೊಳ್ಳುವ ಭರವಸೆ ಇಲ್ಲ. ಜೇಬಿನ ಮೇಲಿನ ಎರಡು ಮೂಲೆಗಳಲ್ಲಿ ಗಟ್ಟಿಯಾಗಿರಲೆಂದು ಹಿಂದೆ ಮುಂದೆ ಒತ್ತಾಗಿ ಹೊಲಿದಿರುತ್ತಾರೆ, ಅಲ್ಲಿ ಗುರುತು ಉಳಿಯುವ ಸಾಧ್ಯತೆ ಹೆಚ್ಚು. ಒಗೆದು ಹಾಕಿದ ಅಂಗಿಯಾದರೆ ಜೇಬಿನಡಿಯ ಬಣ್ಣವೂ ಬೇರೆಯಾಗಿರುತ್ತದೆ. ಇದನ್ನು ಇನ್ನೂ ಒಗೆದಿರಲಿಲ್ಲ, ಅದೊಂದು ಅನುಕೂಲ. ಹೀಗಾಗಿ ಸಂದೇಶದಲ್ಲಿ ಅಪ್ಪಣೆಯ ಬದಲು ಒಂದು ಪರೀಕ್ಷೆ ಕೇಳಿದೆವು: ಕೆಳಗಿನ ಒಂದು ಮೂಲೆ ಮಾತ್ರ ಬಿಚ್ಚಿ ನೋಡಿ, ಆಮೇಲೆ ನಿರ್ಧಾರ.

ಫೋಟೋಗಳ ಬಗ್ಗೆ ಒಂದು ಮಾತು. ಕನ್ನಡಿಯ ಮುಂದೆ ನಿಂತು ತೆಗೆದ ಚಿತ್ರದಲ್ಲಿ ಎಡ ಬಲ ಅದಲುಬದಲಾಗುತ್ತದೆ. ಕೆಲವು ಮೊಬೈಲ್‌ಗಳು ಸೆಲ್ಫಿಯನ್ನೂ ಹಾಗೆಯೇ ತಿರುಗಿಸಿ ಉಳಿಸುತ್ತವೆ. ಎಡತೋಳಿನ ದೋಷ ಬಲಕ್ಕೆ ಹೋಗಿ ಕೂರುತ್ತದೆ. ನಾನೇ ಹಿಂದಿನಿಂದ ಒಂದು ಚಿತ್ರ ತೆಗೆದೆ, ಕೈ ಇಳಿಬಿಟ್ಟು, ಮೂಳೆಯ ತುದಿ ಇರುವಲ್ಲಿ ಸೀಮೆಸುಣ್ಣದ ಚುಕ್ಕೆ ಇಟ್ಟು. ಪೆನ್ನು ಬೇಡ, ಶಾಯಿ ಹೋಗುವುದಿಲ್ಲ. ಇನ್ನೊಂದು ಚಿತ್ರ ಪಿನ್ ಹಾಕಿದ ಮೇಲೆ, ಕಫ್ ಎಲ್ಲಿ ಬಂದಿದೆ ಎಂದು ಕಾಣುವಂತೆ. ಮೂರನೆಯದು ರಸೀದಿ. ಮುಖದ ಸಮೇತ ತೆಗೆದ ಆರೇಳು ಚಿತ್ರಗಳನ್ನು ಅವನು ಆಗಲೇ ತಯಾರಿಟ್ಟಿದ್ದ; ಅಂಗಿಗಿಂತ ಮುಖದ ಸಿಟ್ಟೇ ಚೆನ್ನಾಗಿ ಮೂಡಿತ್ತು. ಅವುಗಳನ್ನು ಬಿಟ್ಟೆವು.

ಕೊನೆಗೆ ಹೋದ ಸಂದೇಶ:

> ನಮಸ್ಕಾರ ಮಾಸ್ಟರ್. ತಿಳಿನೀಲಿ ಬಣ್ಣದ ತುಂಬು ತೋಳಿನ ಹತ್ತಿ ಅಂಗಿಯ ವಿಷಯ. ರಸೀದಿಯ ಫೋಟೋ ಇದೆ. ಹಾಕಿ ನೋಡಿದ್ದೇನೆ ಅಷ್ಟೇ, ಒಗೆದಿಲ್ಲ. ಕೆಳಗಿನ ಅಳತೆಗಳೆಲ್ಲ ಅಂಗಿಯವು, ಮೈಯವಲ್ಲ. ಗುಂಡಿ ಹಾಕಿ ಮೇಜಿನ ಮೇಲೆ ಹರಡಿ ಅಳೆದದ್ದು. ಎಡ, ಬಲ ಎಂದರೆ ಹಾಕಿಕೊಂಡವರ ಎಡ, ಬಲ.
>
> 1. ಭುಜ. ಬೆನ್ನಿನ ಮೇಲೆ ತೋಳಿನ ಹೊಲಿಗೆಯಿಂದ ತೋಳಿನ ಹೊಲಿಗೆಗೆ ಈಗ ಒಟ್ಟು 18½ ಇಂಚು ಇದೆ, ಒಟ್ಟು 17 ಆಗಬೇಕು. ಎಡತೋಳನ್ನು ಮತ್ತೆ ಕೂರಿಸುವಾಗ ಭುಜದ ಹಿಂದೆ 2 ಇಂಚಿನಲ್ಲಿ ಸೇರಿಕೊಂಡಿರುವ ಮಡಿಕೆಗಳನ್ನು ದಯವಿಟ್ಟು ಬಿಡಿಸಿ.
>
> 2. ತೋಳು. ಭುಜ ಸರಿಯಾದರೆ ತೋಳು ತಾನೇ ಮೇಲೆ ಬರುತ್ತದೆ, ಆದ್ದರಿಂದ ಕಫ್ ಈಗ ಬಿಚ್ಚಬೇಡಿ. ಕಾಲರ್ ಕೆಳಗೆ ಬೆನ್ನಿನ ನಡುವಿನಿಂದ ಕಫ್‌ನ ಅಂಚಿನವರೆಗೆ ಈಗ 34¼ ಇದೆ, 33¼ ಆಗಬೇಕು. ಭುಜ ತಿದ್ದಿದ ಮೇಲೂ ಉಳಿಯುವ ಕಾಲು ಇಂಚಿಗೆ ಏನು ಮಾಡುವುದು ಎಂದು ನೀವೇ ಹೇಳಿ.
>
> 3. ಸೊಂಟ. ಕಂಕುಳ ಹೊಲಿಗೆಯಿಂದ 8 ಇಂಚು ಕೆಳಗೆ, ಐದನೆಯ ಗುಂಡಿಯ ನೇರಕ್ಕೆ, ಹರಡಿದಾಗ ಈಗ 22 ಇದೆ, 21 ಆಗಬೇಕು. ಅಂದರೆ ಸುತ್ತಳತೆ 44 ಇದ್ದದ್ದು 42. ಎದೆ ಮತ್ತು ಕೆಳ ಅಂಚು ಈಗಿನಂತೆಯೇ ಇರಲಿ.
>
> 4. ಜೇಬು. ರಸೀದಿಯಲ್ಲಿ ಬೇಡ ಎಂದಿದೆ, ಆದರೆ ಬಂದಿದೆ. ಕೆಳಗಿನ ಒಂದು ಮೂಲೆಯನ್ನು ಒಂದು ಇಂಚು ಮಾತ್ರ ಬಿಚ್ಚಿ, ಗುರುತು ಉಳಿಯುತ್ತದೆಯೇ ನೋಡಿ ಫೋಟೋ ಕಳುಹಿಸಿ. ಆಮೇಲೆ ಹೇಳುತ್ತೇನೆ.
>
> ಭುಜವನ್ನು ಕತ್ತರಿಸುವ ಮೊದಲು ಕಚ್ಚಾ ಹೊಲಿಗೆ ಹಾಕಿ ಕರೆಯಿರಿ, ಬಂದು ಹಾಕಿ ನೋಡುತ್ತೇನೆ. ಇವುಗಳಲ್ಲಿ ಯಾವುದಕ್ಕಾದರೂ ಬೇರೆ ಕೂಲಿ ಆಗುವುದಾದರೆ ಕೆಲಸಕ್ಕೆ ಮೊದಲೇ ತಿಳಿಸಿ. ಮುಂದಿನ ಸೋಮವಾರ ಬೆಳಿಗ್ಗೆ ಈ ಅಂಗಿ ಬೇಕು. ಅಷ್ಟರಲ್ಲಿ ಎಲ್ಲವೂ ಆಗದಿದ್ದರೆ 1 ಮತ್ತು 3 ಸಾಕು.

ಉದ್ದವಾಯಿತು ಎಂದು ಅವನಿಗೆ ಅನ್ನಿಸಿತು. ನನಗೆ ಹಾಗೆ ಅನ್ನಿಸಲಿಲ್ಲ. ಒಂದೊಂದು ಸಂಖ್ಯೆಯೂ ಒಂದು ಕೆಲಸ. ದರ್ಜಿ "2 ಆಗುವುದಿಲ್ಲ" ಎಂದು ಎರಡು ಪದದಲ್ಲಿ ಉತ್ತರಿಸಬಹುದು. ಕೊನೆಯ ಸಾಲನ್ನು ನಾನೇ ಸೇರಿಸಿದ್ದು. ಸಮಯ ಸಾಲದಾದಾಗ ಯಾವುದನ್ನು ಬಿಡಬೇಕು ಎಂದು ಹೇಳದಿದ್ದರೆ ಸುಲಭವಾದದ್ದು ಆಗುತ್ತದೆ, ಕಷ್ಟದ್ದು ಉಳಿಯುತ್ತದೆ. ಇಲ್ಲಿ ಕಷ್ಟದ್ದು ಭುಜ, ನಮಗೆ ಬೇಕಾದದ್ದೂ ಅದೇ.

ಭುಜವನ್ನು ಹೇಗೆ ಕತ್ತರಿಸಬೇಕು ಎಂದು ಬರೆಯಬೇಕೆಂದು ಕೈ ತುರಿಸಿದ್ದು ನಿಜ. ಮೇಲೆ ಮುಕ್ಕಾಲು ಇಂಚು ಹಿಡಿದು, ಕಂಕುಳ ಹತ್ತಿರ ಬರುತ್ತಾ ಸೊನ್ನೆಗೆ ಇಳಿಸಿ ಗೆರೆ ಎಳೆಯಬೇಕು. ಬರೆಯಲಿಲ್ಲ. ಅದು ಕತ್ತರಿ ಹಿಡಿದವರ ನಿರ್ಧಾರ. ನಾವು ದಾರಿ ಹೇಳಿ, ಅಂಗಿ ಕೆಟ್ಟರೆ ಹೊಣೆ ಯಾರದು ಎಂಬುದೂ ಕಲಸಿಹೋಗುತ್ತದೆ.

ಮಾಸ್ಟರ್ ಉತ್ತರ ಅಂದೇ ಬಂತು. ಭುಜ ಮತ್ತು ಸೊಂಟ ಅಳೆದು ನೋಡಿದೆ, ನೀವು ಬರೆದಷ್ಟೇ ಇದೆ, ಎರಡನ್ನೂ ಮಾಡುತ್ತೇನೆ, ಕೂಲಿ ಇಲ್ಲ ಎಂದಿದ್ದರು. ತೋಳಿನ ಸಾಲಿಗೆ ಅವರು ಕೊಟ್ಟ ಉತ್ತರ ನನಗೆ ಇಷ್ಟವಾಯಿತು: "ಆ ಕಾಲು ಇಂಚು ಬಿಟ್ಟುಬಿಡಿ. ಈ ಬಟ್ಟೆಯನ್ನು ಹೊಲಿಯುವ ಮೊದಲು ನೆನೆಸಿರಲಿಲ್ಲ. ಒಗೆದರೆ ಉದ್ದದಲ್ಲಿ ಅಷ್ಟು ಎಳೆದುಕೊಳ್ಳುತ್ತದೆ." ಲೆಕ್ಕ ಸರಿಯಾಗಿಯೇ ಇದೆ. ನೆನೆಸದ ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ನೂರಕ್ಕೆ ಒಂದು ಭಾಗ ಕುಗ್ಗಿದರೂ 25 ಇಂಚಿನ ತೋಳಿನಲ್ಲಿ ಕಾಲು ಇಂಚು ಹೋಗುತ್ತದೆ. ನಾವು ಹೋಲಿಸಿದ ಹಳೆಯ ಅಂಗಿ ಎಷ್ಟೋ ಸಲ ಒಗೆದು ಕುಗ್ಗಿ ನಿಂತದ್ದು, ಇದು ಇನ್ನೂ ನೀರು ಕಾಣದ್ದು. "ಒಗೆದಿಲ್ಲ" ಎಂಬ ಪದ ಸಂದೇಶದಲ್ಲಿ ಇಲ್ಲದಿದ್ದರೆ ಅವರು ಈ ಮಾತು ಹೇಳುತ್ತಿದ್ದರೋ ಇಲ್ಲವೋ. ಅಂತೂ ಮೊದಲ ಸಂದೇಶ ಒಂದು ಇಂಚು ಉದ್ದ ಎಂದಿದ್ದ ತೋಳಿನಿಂದ ಒಂದು ಎಳೆಯೂ ಹೋಗಲಿಲ್ಲ.

ಜೇಬಿನ ಮೂಲೆಯ ಫೋಟೋ ಮರುದಿನ ಬಂತು. ಕೆಳಗಿನ ತೂತುಗಳು ಇಸ್ತ್ರಿಗೆ ಮುಚ್ಚಿಕೊಂಡಿದ್ದವು. ಮೇಲಿನ ಮೂಲೆಗಳಲ್ಲಿ ಸ್ವಲ್ಪ ಗುರುತು ಉಳಿಯಬಹುದು ಎಂದು ಮಾಸ್ಟರ್ ಮೊದಲೇ ಹೇಳಿದರು, ಇವನು ಒಪ್ಪಿ ತೆಗೆಸಿದ. ಗುರುತು ಉಳಿದಿದೆ, ಹತ್ತಿರ ಬಂದು ನೋಡಿದರೆ ಕಾಣುತ್ತದೆ.

ಕಚ್ಚಾ ಹೊಲಿಗೆಯಲ್ಲಿ ಹಾಕಿ ನೋಡುವಾಗ ಒಂದು ಸಣ್ಣ ಬದಲಾವಣೆ ಆಯಿತು. 17ಕ್ಕೆ ಹಿಡಿದ ಭುಜದಲ್ಲಿ ಎರಡೂ ಕೈಗಳನ್ನು ಮುಂದೆ ಚಾಚಿದರೆ ಬೆನ್ನಿನಲ್ಲಿ ಅಡ್ಡಗೆರೆಗಳು ಬಿದ್ದು ಬಟ್ಟೆ ಎಳೆಯಿತು. ಹಳೆಯ ಅಂಗಿಯಲ್ಲಿ ಬೆನ್ನಿಗೆ ಎರಡು ನೆರಿಗೆ ಇದ್ದವು, ಇದರಲ್ಲಿ ಇಲ್ಲ. ಹಾಗಾಗಿ ಅಲ್ಲಿ ಸರಿಹೋದ 17 ಇಲ್ಲಿ ತುಸು ಬಿಗಿ. ಮಾಸ್ಟರ್ 17¼ಕ್ಕೆ ನಿಲ್ಲಿಸಿದರು. ಭುಜದ ಹೊಲಿಗೆ ಮೂಳೆಯ ತುದಿಯಿಂದ ನೂಲಿನಷ್ಟು ಆಚೆ, ಯಾರಿಗೂ ಗೊತ್ತಾಗದು. ಕತ್ತರಿ ಬಿದ್ದ ಮೇಲೆ ಇದು ಗೊತ್ತಾಗಿದ್ದರೆ ಮಾಡಲು ಏನೂ ಇರುತ್ತಿರಲಿಲ್ಲ.

ಅಂಗಿ ಕೈಗೆ ಬಂದಾಗ ಮೇಜಿನ ಮೇಲೆ ಹರಡಿ ಸಂದೇಶವನ್ನು ಪಕ್ಕದಲ್ಲಿಟ್ಟುಕೊಂಡೇ ಅಳೆದೆವು. ಭುಜ 17¼, ಬೆನ್ನಿನ ನಡುವಿನಿಂದ ಕಫ್‌ಗೆ 33⅝, ಸೊಂಟ 21. ಆ 33⅝ ನೋಡಿ ಇವನು ಹುಬ್ಬು ಗಂಟಿಕ್ಕಿದ. ಬಿಟ್ಟ ಕಾಲು ಇಂಚು, ಭುಜಕ್ಕೆ ಸೇರಿದ ಕಾಲು ಇಂಚಿನ ಅರ್ಧ, ಎರಡೂ ಸೇರಿ ಅಷ್ಟಾಗುತ್ತದೆ ಎಂದು ಕೂಡಿಸಿ ತೋರಿಸಿದೆ. ಒಗೆದು ಒಣಗಿದ ಮೇಲೆ ಮತ್ತೆ ಅಳೆದರೆ 33¼ರ ಹತ್ತಿರ ಬಂದಿರುತ್ತದೆ. ಬಾರದಿದ್ದರೆ ಆಗ ಕಫ್ ಬಿಚ್ಚಿಸಬಹುದು. ಮಾಸ್ಟರ್‌ಗೆ ಧನ್ಯವಾದ ಬರೆಯುವಾಗ ಅಳತೆ ಪುಸ್ತಕದಲ್ಲಿ ಇವನ ಹೆಸರಿನ ಮುಂದೆ ಭುಜ 17¼ ಎಂದು ತಿದ್ದಿಕೊಳ್ಳಲು, ಮುಂದಿನ ಬಟ್ಟೆಯನ್ನು ನೆನೆಸಿ ಒಣಗಿಸಿಯೇ ಕತ್ತರಿಸಲು ಹೇಳಿ ಕಳುಹಿಸಿದ.